ಜೂನ್ ಒಂದರ ಗಿಫ್ಟ್ ಕಾರ್ಡುಗಳು

ಜೂನ್ ಒಂದನೇ ತಾರೀಕು ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಅಂಗಡಿಯ ಆನ್‌ಲೈನ್ ಸ್ಟೋರ್ ನೂರ ಎಂಬತ್ತನಾಲ್ಕು ಜನರಿಗೆ ಹುಟ್ಟುಹಬ್ಬದ ಶುಭಾಶಯ ಕಳಿಸಿತು. ಪ್ರತಿಯೊಬ್ಬರಿಗೂ ಐನೂರು ರೂಪಾಯಿಯ ಗಿಫ್ಟ್ ಕಾರ್ಡಿನ ಸಮೇತ.

ಬಸ್ಸಿನಲ್ಲಿ ಕುಳಿತು ಫೋನ್ ನೋಡಿದಾಗ ಒಬ್ಬರಿಗೇ ಒಂದೇ ಸಂದೇಶ ನೂರ ಎಂಬತ್ತನಾಲ್ಕು ಸಲ ಹೋಗಿದೆ ಎಂದುಕೊಂಡೆ. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಆದರೆ ಹೆಸರುಗಳು ಬೇರೆ ಬೇರೆ, ನಂಬರುಗಳು ಬೇರೆ ಬೇರೆ, ಹುಟ್ಟಿದ ದಿನ ಮಾತ್ರ ಒಂದೇ.

ಸಹಕಾರನಗರದಲ್ಲಿರುವ ಸುಬ್ರಮಣಿಯವರ ಬೆಳ್ಳಿ ಅಂಗಡಿಗೆ ನಾನು ದೀಪಾವಳಿಯ ಹೊತ್ತಿಗೆ ಸೇರಿದ್ದು, ವೆಬ್‌ಸೈಟ್ ನೋಡಿಕೊಳ್ಳಲು. ಗಿರಾಕಿಗಳಿಗೆ ಪಾಯಿಂಟ್ಸ್ ಕೊಡೋಣ ಎಂದಿದ್ದೂ ನಾನೇ. ನೂರು ರೂಪಾಯಿಗೆ ಒಂದು ಪಾಯಿಂಟ್, ಒಂದು ಪಾಯಿಂಟಿಗೆ ಮುಂದಿನ ಸಲ ಒಂದು ರೂಪಾಯಿ ಕಡಿಮೆ, ಹುಟ್ಟುಹಬ್ಬಕ್ಕೆ ಒಂದು ಗಿಫ್ಟ್ ಕಾರ್ಡ್. "ಒಂದು ವರ್ಷ ನೋಡೋಣ. ದೊಡ್ಡ ಎಡವಟ್ಟೇನಾದ್ರೂ ಆದ್ರೆ ವೆಬ್‌ಸೈಟ್ ಮುಚ್ಚಿಬಿಡೋದು ಕಣಮ್ಮಾ" ಎಂದು ಅವರು ಆವತ್ತೇ ಹೇಳಿದ್ದರು. ವೆಬ್‌ಸೈಟ್ ಮುಚ್ಚಿದರೆ ಆ ಅಂಗಡಿಯಲ್ಲಿ ನನಗೆ ಬೇರೆ ಕೆಲಸವಿಲ್ಲ.

ನಾನು ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಮನೆಗೆ ವಾಪಸ್ ಹೋಗಿ ನೋಡುವವಳು. ಆ ಶುಭಾಶಯವನ್ನು ಹನ್ನೊಂದು ಸಲ ಓದಿ ತಿದ್ದಿದ್ದೆ. 'ನಿಮ್ಮ ಈ ವಿಶೇಷ ದಿನ' ಎನ್ನುವಲ್ಲಿ 'ವಿಶೇಷ' ಬೇಕೇ ಬೇಡವೇ ಎಂದು ಒಂದು ಮಧ್ಯಾಹ್ನವಿಡೀ ಯೋಚಿಸಿದ್ದೆ. ಗಿರಾಕಿಗಳ ಪಟ್ಟಿಯನ್ನು ಹುಟ್ಟಿದ ದಿನದ ಪ್ರಕಾರ ಒಂದು ಸಲ ಜೋಡಿಸಿ ನೋಡಲು ಮಾತ್ರ ತೋಚಿರಲಿಲ್ಲ.

ಅಂಗಡಿಗೆ ಹೋದಾಗ ಸುಬ್ರಮಣಿಯವರು ಆಗಲೇ ಕನ್ನಡಕ ಹಾಕಿಕೊಂಡು, ಶುಭಾಶಯ ಹೋದವರ ಪಟ್ಟಿ ತೆರೆದು ಕೂತಿದ್ದರು.

"ನಂದಿತಾ, ಇವರೆಲ್ಲ ಒಂದೇ ದಿನ ಹುಟ್ಟಿದ್ದಾರೇನಮ್ಮಾ?"

"ದಾಖಲೆ ಪ್ರಕಾರ ಹೌದು, ಸಾರ್."

ಅವರು ಪಟ್ಟಿಯ ಮೇಲೆ ಬೆರಳಾಡಿಸಿ ನಿಟ್ಟುಸಿರು ಬಿಟ್ಟರು. "ಅಯ್ಯೋ, ಇದು ಕೊಡಿಗೇಹಳ್ಳಿ ಸ್ಕೂಲು ಕಣಮ್ಮಾ. ಹೆಬ್ಬಾಳದ್ದೂ ಇಷ್ಟೇ. ಮಗೂನ ಕರ್ಕೊಂಡು ಹೋದ್ರೆ ಮೇಷ್ಟ್ರು ಹುಟ್ಟಿದ್ದು ಯಾವಾಗ ಅಂತ ಕೇಳೋರು. ರಾಗಿ ಕಟಾವಲ್ಲಿ ಅನ್ನೋರು ಮನೇಲಿ. ಮೇಷ್ಟ್ರು ಜೂನ್ ಒಂದು ಅಂತ ಬರ್ಕೊಳ್ಳೋರು, ಸ್ಕೂಲು ಶುರುವಾಗೋ ದಿನ. ಅದೇ ಆಧಾರಿಗೂ ಬಂತು, ನಿನ್ನ ವೆಬ್‌ಸೈಟಿಗೂ ಬಂತು."

ನಾನು ಗಂಗಾನಗರದ ನರ್ಸಿಂಗ್ ಹೋಮಿನಲ್ಲಿ, ಗಡಿಯಾರ ನೋಡಿ ನಿಮಿಷದ ಸಮೇತ ಬರೆದುಕೊಂಡ ಹೊತ್ತಿನಲ್ಲಿ ಹುಟ್ಟಿದವಳು. ನನಗಿದು ಹೇಗೆ ಗೊತ್ತಾಗಬೇಕು?

"ಸರಿ, ಐದು ಸಾವಿರದ ಮೇಲೆ ತಗೊಂಡ್ರೆ ಮಾತ್ರ ಅಂತ ಈಗ ಒಂದು ಕಂಡೀಶನ್ ಹಾಕು."

"ಆಗಲ್ಲ ಸಾರ್. ಕೂಪನ್ ಆಗಿದ್ರೆ ಹಾಕಬಹುದಿತ್ತು. ಗಿಫ್ಟ್ ಕಾರ್ಡ್ ಅಂದ್ರೆ ದುಡ್ಡಿದ್ದ ಹಾಗೆ. ಎಷ್ಟರ ವಸ್ತು ಬೇಕಾದ್ರೂ ತಗೋಬಹುದು. ಮಿಕ್ಕಿದ್ದು ಕಾರ್ಡಲ್ಲೇ ಇರುತ್ತೆ."

"ಮತ್ತೆ ಕೂಪನ್ ಯಾಕೆ ಕೊಡ್ಲಿಲ್ಲ?"

"ಕೂಪನ್ ಅಂದ್ರೆ ರೇಷನ್ ಅಂಗಡಿ ಥರ ಇರುತ್ತೆ, ಮರ್ಯಾದೆಯಾಗಿ ಕಾರ್ಡ್ ಕೊಡು ಅಂತ ನೀವೇ ಹೇಳಿದ್ರಿ, ಸಾರ್."

ಅವರು ಸ್ವಲ್ಪ ಹೊತ್ತು ಗಾಜಿನ ಕೆಳಗಿದ್ದ ಕಾಲ್ಗೆಜ್ಜೆಗಳನ್ನು ನೋಡಿದರು. ಎಲ್ಲ ಕಾರ್ಡು ಸೇರಿ ತೊಂಬತ್ತೆರಡು ಸಾವಿರ; ಅಷ್ಟಕ್ಕೆ ಎಷ್ಟು ಕಾಲ್ಗೆಜ್ಜೆ ಹೋಗುತ್ತದೆ ಎಂದು ಅಂದಾಜು ಮಾಡುತ್ತಿದ್ದಿರಬೇಕು. ಆಮೇಲೆ ಕೇಳಿದರು: "ರದ್ದು ಮಾಡಕ್ಕಾಗುತ್ತಾ?"

"ಆಗುತ್ತೆ, ಒಂದೊಂದಾಗಿ. ಆದ್ರೆ ಒಂದ್ಸಲ ರದ್ದಾದ ಕಾರ್ಡಿಗೆ ಮತ್ತೆ ಜೀವ ಬರಲ್ಲ, ಹೊಸದೇ ಕೊಡಬೇಕು."

"ಮಾಡು. ಯಾರೂ ಇನ್ನೂ ಮೆಸೇಜ್ ನೋಡಿರಲ್ಲ. ಇದು ಸರಿಹೋಗ್ಲಿ, ಆಮೇಲೆ ವೆಬ್‌ಸೈಟಿನ ವಿಚಾರ ಮಾತಾಡೋಣ."

ಆ 'ಆಮೇಲೆ' ಏನೆಂದು ಕೇಳದೆ ಕಂಪ್ಯೂಟರ್ ಮುಂದೆ ಕೂತೆ. ಪಟ್ಟಿ ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿತ್ತು. ಎ ಯಿಂದ ಶುರುಮಾಡಿದೆ. ಪ್ರತಿ ಸಲವೂ 'ಖಂಡಿತವೇ? ಇದನ್ನು ಹಿಂದಕ್ಕೆ ಪಡೆಯಲಾಗದು' ಎಂದು ಕೇಳುತ್ತಿತ್ತು. ಜೀವಮಾನವಿಡೀ ನನ್ನನ್ನು ನಾನೇ ಕೇಳಿಕೊಂಡ ಪ್ರಶ್ನೆಯನ್ನು ಈಗ ಕಂಪ್ಯೂಟರ್ ಕೇಳುತ್ತಿತ್ತು. ಎಲ್ ಮುಗಿಸಿ, ಎಂ ಮುಗಿಸಿ, ಎನ್‌ನಲ್ಲಿ ನಾರಾಯಣಮ್ಮ ಎನ್ನುವವರ ಮೇಲೆ ಬೆರಳಿಟ್ಟಿದ್ದೆ. ಬಾಗಿಲು ತೆರೆಯಿತು.

ಬಂದವರು ಲಕ್ಕಣ್ಣ, ರಾಮಲಕ್ಷ್ಮಮ್ಮ, ಕೊಡಿಗೇಹಳ್ಳಿಯ ಗಂಡ ಹೆಂಡತಿ. ಬಸ್ ಸ್ಟಾಪಿನ ಹಿಂದಿರುವ ಬಾಡಿಗೆ ಮನೆಗಳ ಸಾಲೆಲ್ಲ ಅವರದೇ. ರಾಮಲಕ್ಷ್ಮಮ್ಮ ಹೊಸ ಸೀರೆ ಉಟ್ಟಿದ್ದರು. ತಲೆಯಲ್ಲಿ ಎರಡು ಮೊಳ ಮಲ್ಲಿಗೆ.

"ಸುಬ್ರಮಣಿ, ನಂದು ಉಟ್ಟಿದಬ್ಬ ಅಂತ ಮೆಸೇಜ್ ಕಳ್ಸಿದ್ಯಲ್ಲೋ! ಅರವತ್ತೆಂಟು ವರ್ಸ ಆಯ್ತು, ಒಬ್ರಾದ್ರೂ ಇಂಗೆ ಅಂದಿರ್ಲಿಲ್ಲ ಕಣೋ" ಎಂದರು. "ಮೊಮ್ಮಗಳು ಓದಿ ಏಳಿದ್ಲು, ವಿಸೇಷ ದಿನ ಅಂತೆ."

ಸುಬ್ರಮಣಿ ನನ್ನ ಕಡೆ ನೋಡಿದರು. ನಾನು ನಾರಾಯಣಮ್ಮನ ಮೇಲಿಂದ ಬೆರಳು ತೆಗೆದೆ.

"ಕೂತ್ಕೊಳ್ಳಿ ಅಕ್ಕ" ಎಂದರು ಅವರು ಸಣ್ಣ ದನಿಯಲ್ಲಿ. "ಕಾರ್ಡು ವೆಬ್‌ಸೈಟಲ್ಲಿ ಮಾತ್ರ ನಡೆಯುತ್ತೆ. ಈ ಹುಡುಗಿ ನಿಮ್ಮ ಫೋನಲ್ಲೇ ಆರ್ಡರ್ ಹಾಕ್ಕೊಡ್ತಾಳೆ, ವಸ್ತು ಇಲ್ಲೇ ತಗೊಂಡು ಹೋಗಿ."

ರಾಮಲಕ್ಷ್ಮಮ್ಮ ಕಾಲುಂಗುರ ಆರಿಸಿದರು, ನಾನೂರ ಎಂಬತ್ತು ರೂಪಾಯಿಯದು. ಅವರ ಫೋನಿನಲ್ಲಿ ಕಾರ್ಡಿನ ನಂಬರ್ ಹಾಕಿದೆ. ಆರ್ ಇನ್ನೂ ಬದುಕಿತ್ತು. ಕಾರ್ಡು ಒಪ್ಪಿಕೊಂಡಿತು.

"ಇಪ್ಪತ್ತು ರೂಪಾಯಿ ಇನ್ನೂ ನಿಮ್ಮ ಕಾರ್ಡಲ್ಲೇ ಇದೆ, ಅಮ್ಮಾ."

"ಪಾಯಿಂಟು?"

"ಕಾರ್ಡಿಂದ ಕೊಂಡಿದ್ದಕ್ಕೆ ಪಾಯಿಂಟ್ಸ್ ಬರಲ್ಲ. ಕೈಯಿಂದ ಕೊಟ್ಟಿದ್ದಕ್ಕೆ ಮಾತ್ರ."

"ಉಸಾರಿದ್ದೀಯ" ಎಂದು ಅವರು ನಕ್ಕರು.

ಲಕ್ಕಣ್ಣ ತಮ್ಮ ಫೋನ್ ಮುಂದೆ ಚಾಚಿದರು. "ನಂದೂ ಇವತ್ತೇ ಕಣವ್ವಾ. ಒಂದು ಜೊತೆ ಕಡಗಕ್ಕೆ ಐನೂರು ಇಡ್ಕೊಂಡು ಮಿಕ್ಕಿದ್ದು ಎಷ್ಟು ಅಂತ ಏಳು, ಕೊಡ್ತೀನಿ. ಮೊಮ್ಮಗೂಗೆ."

ನಂಬರ್ ಹಾಕುವಾಗ ಏನಾಗುತ್ತದೆಂದು ನನಗೆ ಗೊತ್ತಿತ್ತು, ಆದರೂ ಹಾಕಿದೆ. 'ಈ ಕಾರ್ಡ್ ಚಾಲ್ತಿಯಲ್ಲಿಲ್ಲ' ಎಂದು ಕೆಂಪಕ್ಷರದಲ್ಲಿ ಬಂತು.

"ಅಂದ್ರೆ?"

"ಅಂದ್ರೆ ನೀವು ಉಟ್ಟೇ ಇಲ್ಲ" ಎಂದರು ರಾಮಲಕ್ಷ್ಮಮ್ಮ, ಕಾಲುಂಗುರ ಬೆರಳಿಗೆ ಹಾಕಿ ನೋಡುತ್ತ. "ಇಷ್ಟು ವರ್ಸದಿಂದ ನನಗೆ ಅನುಮಾನ ಇತ್ತು."

"ಸುಮ್ನಿರೇ. ಇಬ್ರಿಗೂ ಒಬ್ರೇ ಮೇಷ್ಟ್ರು, ಒಂದೇ ಪೆನ್ನಲ್ಲಿ ಬರ್ದಿದ್ದು. ನಿಂದು ನಿಜ, ನಂದು ಸುಳ್ಳಾ?"

ನೆಟ್ವರ್ಕ್ ಸರಿಯಿಲ್ಲ ಎಂದುಬಿಡಬಹುದಿತ್ತು. ಸುಬ್ರಮಣಿಯವರ ಹುಬ್ಬು ಅದನ್ನೇ ಹೇಳುತ್ತಿತ್ತು. ಆದರೆ ಸಂಜೆಯೊಳಗೆ ಕೊಡಿಗೇಹಳ್ಳಿಯ ಯಾವ ಕಟ್ಟೆಯ ಮೇಲಾದರೂ ಎಲ್‌ನವರು ಮತ್ತು ಆರ್‌ನವರು ಅಕ್ಕಪಕ್ಕ ಕೂರುತ್ತಾರೆ.

"ನಾನೇ ರದ್ದು ಮಾಡಿದ್ದು, ಅಪ್ಪಾ" ಎಂದೆ. "ಇವತ್ತು ನೂರ ಎಂಬತ್ತನಾಲ್ಕು ಜನರ ಹುಟ್ಟುಹಬ್ಬ ಅಂತ ನನಗೆ ಗೊತ್ತಿರಲಿಲ್ಲ. ಹೆದರಿಕೆಯಾಯ್ತು. ತಪ್ಪು ನಂದು."

ಲಕ್ಕಣ್ಣ ನನ್ನನ್ನು ಬಿಟ್ಟು ಸುಬ್ರಮಣಿಯವರನ್ನು ನೋಡಿದರು.

"ಸರಿ ಬಿಡವ್ವ. ನಂದು ಓಯ್ತು. ಇವನದು ಕೂಡ ಓಯ್ತು ತಾನೆ? ಇವನ್ನ ಸ್ಕೂಲಿಗೆ ಸೇರ್ಸಿದಾಗ ನಾನೇ ಎತ್ಕೊಂಡೋಗಿದ್ದು. ಜೂನ್ ಒಂದು ಅಂತ ಬರ್ಸಿದ್ದೂ ನಾನೇ."

ವೆಬ್‌ಸೈಟ್ ಶುರುವಾದಾಗ ಪರೀಕ್ಷೆಗೆಂದು ತಾವೇ ಮೊದಲ ಗಿರಾಕಿಯಾಗಿ ಸೇರಿದ್ದನ್ನು ಸುಬ್ರಮಣಿ ಮರೆತಿರಬೇಕು. ಅವರು ಫೋನ್ ತೆಗೆದು ನೋಡಿದರು. ನಿಧಾನವಾಗಿ ಓದಿದರು. ವಿಶೇಷ ದಿನ ಎನ್ನುವಲ್ಲಿಗೆ ಬಂದಾಗ ತುಟಿ ಅಲುಗಿತು.

"ನಂದು... ರದ್ದಾಯ್ತಾ ನಂದಿತಾ?"

"ಇಲ್ಲ ಸಾರ್. ನಿಮ್ಮದು ಎಸ್. ನಾನಿನ್ನೂ ಎನ್‌ನಲ್ಲಿದ್ದೆ."

ರಾಮಲಕ್ಷ್ಮಮ್ಮ ಸೆರಗು ಬಾಯಿಗಿಟ್ಟುಕೊಂಡರು. ಸುಬ್ರಮಣಿ ಫೋನನ್ನು ಜೇಬಿಗೆ ಹಾಕಿ, ಮತ್ತೆ ತೆಗೆದು, ಕೌಂಟರ್ ಮೇಲೆ ಮಗುಚಿಟ್ಟರು.

"ಅಲ್ಲೇ ನಿಲ್ಲಿಸು" ಎಂದರು. "ರದ್ದಾದವರಿಗೆಲ್ಲ ಹೊಸ ಕಾರ್ಡು ಕಳಿಸು. ಮೊದಲು ಲಕ್ಕಣ್ಣನದು."

"ಆಮೇಲೆ ವೆಬ್‌ಸೈಟಿನ ವಿಚಾರ, ಸಾರ್?"

"ಆಮೇಲೆ ಏನು ಆಮೇಲೆ? ಅಷ್ಟು ಕಾರ್ಡು ಮುಗಿಯೋವರೆಗೆ ಮುಚ್ಚಕ್ಕಾಗುತ್ತೇನಮ್ಮಾ? ಎಷ್ಟು ದಿನ ನಡೆಯುತ್ತೆ ಅವು?"

"ಒಂದು ವರ್ಷ, ಸಾರ್."

"ಅಂದ್ರೆ ಮುಂದಿನ ಜೂನ್ ಒಂದರವರೆಗೆ" ಎಂದರು ಅವರು, ಹಣೆಗೆ ಕೈಯಿಟ್ಟು.

ಲಕ್ಕಣ್ಣನವರ ಹೊಸ ಕಾರ್ಡಿನ ನಂಬರನ್ನು ನಾನು ನಾಲ್ಕು ಸಲ ನೋಡಿ, ಐದನೆಯ ಸಲ ನೋಡದೆ 'ಕಳಿಸು' ಒತ್ತಿದೆ.