ಹಳೇ ರೋಲಿನಲ್ಲೂ ಓದಿತು

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಬೆಳಗಿನಿಂದ ಸ್ಕ್ಯಾನರ್ ರಕ್ತದ ಟ್ಯೂಬಿಗೆ ಅಂಟಿಸುವ ಹೊಸ ಬಾರ್‌ಕೋಡ್ ಲೇಬಲ್‌ಗಳನ್ನು ಓದದೆ ಎಲ್ಲರನ್ನೂ ಹೈರಾಣಾಗಿಸಿತ್ತು. ಮಧ್ಯಾಹ್ನ ಓದತೊಡಗಿತು. ಇನ್ನೊಂದು ಶಾಖೆಯಲ್ಲೂ ಇದೇ ಗೋಳಿದ್ದುದರಿಂದ, ಲ್ಯಾಬಿನ ವಾಟ್ಸಾಪ್ ಗ್ರೂಪಿನ ಮಾರುದ್ದದ ಚಾಟನ್ನು ನಾಲ್ಕು ಸಾಲಿಗೆ ಇಳಿಸಿ ಅವರಿಗೆ ಕಳಿಸುವ ಕೆಲಸ ಕಂಪ್ಯೂಟರ್ ವಿಭಾಗದ ಅಕ್ಕನ ಪಾಲಿಗೆ ಬಂತು.

“ಲೇಬಲ್ ರೋಲ್ ಬದಲಾಯಿಸಿದ್ವಿ, ಸರಿಹೋಯ್ತು ಅಂತ ಬರೀರಿ ಅಕ್ಕ,” ಎಂದ ಲ್ಯಾಬ್ ಟೆಕ್ನಿಷಿಯನ್.

ಚಾಟ್ ಓದುತ್ತಿದ್ದ ಅಕ್ಕ ತಲೆಯೆತ್ತಿದಳು. “ಅದೇ ಹೊತ್ತಿಗೆ ನಾನು ಪ್ರಿಂಟಿನ ಕಪ್ಪನ್ನೂ ಕಡಿಮೆ ಮಾಡಿದ್ದೆ. ಯಾವುದರಿಂದ ಸರಿಹೋಯ್ತೋ ಯಾರಿಗ್ಗೊತ್ತು? ಹಳೇ ರೋಲ್ ಹಾಕಪ್ಪ, ನೋಡೋಣ.”

ಹಳೇ ರೋಲಿನಲ್ಲಿ ಪ್ರಿಂಟ್ ಮಾಡಿದ ಲೇಬಲ್ಲನ್ನೂ ಸ್ಕ್ಯಾನರ್ ಓದಿತು. ಕಪ್ಪು ಹೆಚ್ಚಿಸಿದಾಗ ಗೆರೆಗಳು ಒಂದಕ್ಕೊಂದು ಅಂಟಿಕೊಂಡು ಸ್ಕ್ಯಾನರ್ ಓದಲಿಲ್ಲ. ಇಳಿಸಿದಾಗ ಮತ್ತೆ ಓದಿತು.

ಅಕ್ಕ ಬರೆದಳು: “ನಿನ್ನೆ ರಾತ್ರಿ ಪ್ರಿಂಟರ್ ಸಾಫ್ಟ್‌ವೇರ್ ಅಪ್‌ಡೇಟ್ ಆದಮೇಲೆ ಪ್ರಿಂಟಿನ ಕಪ್ಪು ಹೆಚ್ಚಾಗಿದೆ. ಮೊದಲಿನಷ್ಟಕ್ಕೆ ಇಳಿಸಿ, ಒಂದು ಲೇಬಲ್ ಓದಿಸಿ ನೋಡಿ. ಸ್ಕ್ಯಾನರ್ ಕೆಟ್ಟಿಲ್ಲ, ನಿನ್ನೆಯ ಲೇಬಲ್ ಓದುತ್ತದೆ. ರೋಲ್ ಕಾರಣವಲ್ಲ, ಎರಡರಲ್ಲೂ ನೋಡಿದ್ದೇವೆ. ಪ್ರಿಂಟರ್ ಒರೆಸಿದ್ದರಿಂದಲೂ ಪ್ರಯೋಜನವಾಗಲಿಲ್ಲ.”

ಸ್ವಲ್ಪ ಹೊತ್ತಿಗೇ ಆ ಶಾಖೆಯಿಂದ ಫೋನ್ ಬಂತು. “ಓದ್ತಿದೆ ಅಕ್ಕ. ಸ್ಕ್ಯಾನರ್ ಬಿಚ್ಚೋಕೆ ಕೂತಿದ್ವಿ, ಬದುಕಿಸಿದ್ರಿ.”

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಟೆಕ್ನಿಷಿಯನ್ನೇ. ಅಕ್ಕ ಬಾಯ್ತುಂಬ ನಕ್ಕಳು.