ಅರ್ಧ ಗಂಟೆಯ ಸಡಿಲ

ಮಾಗಿಯ ಚಳಿ ಹೋಗಿ ಬಿಸಿಲು ಚುರುಕಾಗುತ್ತಿದ್ದ ಕಾಲ, ಹೊತ್ತು ಇಳಿಮುಖವಾಗಿತ್ತು. ಜೋಯಿಸರು ಆಸ್ಪತ್ರೆಯ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ಪಂಚಾಂಗ ಬಿಡಿಸಿಕೊಂಡಿದ್ದರು. ಮಂಚದ ಮೇಲಿದ್ದವರು ಮದುವೆಯಾಗಲಿದ್ದ ಹುಡುಗಿಯ ಅಪ್ಪ. ಅವರ ಮದುವೆಯನ್ನೂ ಮಾಡಿಸಿದ್ದು ಇದೇ ಜೋಯಿಸರು.

"ಒಂದು ಚೊಂಬು ನೀರು ಎತ್ತೋಷ್ಟು ಕಸು ಇನ್ನೂ ಇದೆ ಜೋಯಿಸರೇ," ಅಂದರು ಅಪ್ಪ, ಮೂಗಿನ ನಳಿಕೆ ಸರಿಸಿಕೊಂಡು. "ಧಾರೆ ನನ್ನ ಕೈಯಲ್ಲೇ ಆಗ್ಲಿ. ಮಿಕ್ಕಿದ್ದು ಯಾರಾದ್ರೂ ಮಾಡ್ಕೊಳ್ಳಿ."

ಡಾಕ್ಟರು ಒಪ್ಪಿದ್ದರು, ಆದರೆ ಹೆಚ್ಚು ಹೊತ್ತು ಕೂರಿಸಬಾರದೆಂದು ಕಟ್ಟಪ್ಪಣೆ. ಅಪ್ಪ ಬರಬೇಕು, ಧಾರೆ ಎರೆಯಬೇಕು, ತಾಳಿ ನೋಡಬೇಕು, ಹೊರಡಬೇಕು.

ಜೋಯಿಸರು ಆ ರಾತ್ರಿಯೇ ಮದುವೆಯ ದಿನವಾದ ಗುರುವಾರವನ್ನು ಹಿಂದಿನಿಂದ ಮುಂದಕ್ಕೆ ಕಟ್ಟಿದರು. ಮೊದಲು ತಾಳಿಯ ಹೊತ್ತನ್ನು ಗಟ್ಟಿಮಾಡಿದರು. ಲಗ್ನ ಎಷ್ಟು ಉದ್ದವಿದ್ದರೂ ಈ ಇಬ್ಬರ ಜಾತಕಕ್ಕೆ ಒದಗುವ ಭಾಗ ಹತ್ತೂವರೆ ದಾಟಿದ ಮೇಲೆ ಶುರುವಾಗಿ ಹನ್ನೊಂದಕ್ಕೆ ಮುಗಿಯುತ್ತಿತ್ತು. ತಾಳಿಗೆ ಮುಂಚೆ ಧಾರೆ ಆಗಲೇಬೇಕು. ವರಪೂಜೆಯನ್ನು ಬೆಳಗ್ಗೆಗೆ ಎಳೆದರು. ಹೋಮ, ಸಪ್ತಪದಿ ಆಮೇಲೆ ಆದರೂ ನಡೆಯುತ್ತದೆ, ಹಿಂದಕ್ಕೆ ತಳ್ಳಿದರು. ಹೀಗೆ ಅಪ್ಪನಿಗೆಂದು ಹತ್ತೂವರೆಯಲ್ಲಿ ಒಂದು ಜಾಗ ಉಳಿಯಿತು.

ಅವರಿಗೊಂದು ಹಳೆಯ ಚಾಳಿಯಿತ್ತು. ಮದುವೆಮನೆಯವರು ಹೇಳಿದ ಹೊತ್ತಿಗೆ ಎಂದೂ ಬಂದವರಲ್ಲವಾದ್ದರಿಂದ, ಎಲ್ಲರಿಗೂ ಅರ್ಧ ಗಂಟೆ ಮುಂಚಿನ ಹೊತ್ತನ್ನೇ ಹೇಳುತ್ತಿದ್ದರು. ಊರಿಗೆಲ್ಲ ಗೊತ್ತಿದ್ದ ಗುಟ್ಟು ಅದು. ಆದರೆ ಈ ಸಲ, ಉಸಿರಾಡಲೂ ಕಷ್ಟಪಡುವ ಮನುಷ್ಯನನ್ನು ಸುಮ್ಮನೆ ಅರ್ಧ ಗಂಟೆ ಕಾಯಿಸುವುದು ಹೇಗೆಂದು ಮರುಗಿದರು. ನಿಜವಾದ ಹೊತ್ತನ್ನೇ ಹೇಳಿದರು. ನಿಜವೆಂದು ಮಾತ್ರ ಹೇಳಲಿಲ್ಲ; ಹೇಳಬೇಕೆಂದು ಹೊಳೆಯಲೂ ಇಲ್ಲ.

"ಹತ್ತೂವರೆಗೆ ನಿಮ್ಮಣ್ಣನ್ನ ಮಂಟಪದಲ್ಲಿ ಕೂರಿಸ್ಬೇಕು," ಅಂದರು, ಗಾಡಿಯ ಉಸ್ತುವಾರಿ ಹೊತ್ತಿದ್ದ ಹುಡುಗಿಯ ಚಿಕ್ಕಪ್ಪನಿಗೆ.

"ಆಯ್ತು ಬಿಡಿ ಜೋಯಿಸರೇ, ನಿಮ್ಮ ಗಡಿಯಾರ ನಂಗೆ ಗೊತ್ತಿಲ್ವಾ!" ಅಂತ ಚಿಕ್ಕಪ್ಪ ಕಣ್ಣು ಮಿಟುಕಿಸಿ ನಕ್ಕ. ಜೋಯಿಸರೂ ನಕ್ಕರು.

ಗುರುವಾರ ಎಲ್ಲವೂ ನೂಲು ಹಿಡಿದಂತೆ ನಡೆಯಿತು. ಹತ್ತೂವರೆಯಾಯಿತು, ಅಪ್ಪ ಬರಲಿಲ್ಲ. ಮಂತ್ರವನ್ನು ಎಳೆದೆಳೆದು ಹೇಳಿದರು ಜೋಯಿಸರು. ಹತ್ತೂಮುಕ್ಕಾಲಾಯಿತು. ಹುಡುಗಿಯ ಕಣ್ಣು ಬಾಗಿಲು ಬಿಟ್ಟು ಕದಲಲಿಲ್ಲ. ಅಮ್ಮ ಫೋನು ಹಚ್ಚಿ ಜೋಯಿಸರ ಕಿವಿಗೇ ಹಿಡಿದರು.

"ಯಾಕೆ ಗಾಬರಿ ಜೋಯಿಸರೇ?" ಚಿಕ್ಕಪ್ಪನ ದನಿ ನಿರಾಳವಾಗಿತ್ತು. "ಈಗ ಆಸ್ಪತ್ರೆ ಬಿಟ್ವಿ. ಹೆಂಗಿದ್ರೂ ನಿಮ್ಮ ಲೆಕ್ಕದಲ್ಲಿ ಇನ್ನೂ ಅರ್ಧ ಗಂಟೆ ಇರತ್ತಲ್ಲ! ಅಣ್ಣನ್ನ ಅಲ್ಲಿ ಸುಮ್ನೆ ಯಾಕೆ ಕೂರಿಸೋದು ಅಂತ..."

ಜೋಯಿಸರೂ ಚಿಕ್ಕಪ್ಪನೂ ಒಬ್ಬರಿಗಾಗಿಯೇ ಮರುಗಿದ್ದರು.

"ಇನ್ನೊಂಚೂರು ಕಾಯಿರಿ," ಅಂದಳು ಹುಡುಗಿ. "ನೀವು ಹೇಳಿದ್ರೆ ಯಾರು ಬೇಡ ಅಂತಾರೆ?"

"ನನ್ನ ಮಾತಿಗೆ ಹೊತ್ತು ನಿಲ್ಲಲ್ಲ, ಮಗಳೇ."

ಕಾದರು. ಇನ್ನು ಕಾದರೆ ತಾಳಿಗೆ ಹೊತ್ತಿಲ್ಲ ಅನ್ನುವವರೆಗೂ ಕಾದರು. ಕೊನೆಗೆ ಸೋದರಮಾವನನ್ನೂ ಅವನ ಹೆಂಡತಿಯನ್ನೂ ಕರೆದು ಧಾರೆಗೆ ಕೂರಿಸಿದರು. ಅಮ್ಮ ತಾವೇ ಎದ್ದು ಜಾಗ ಬಿಟ್ಟು, ಕಂಬಕ್ಕೆ ಒರಗಿ ನಿಂತರು. ನೀರು ಸುರಿಯಿತು. ವಾದ್ಯ ಮೊಳಗಿತು. ಕೊರಳಿಗೆ ತಾಳಿ ಬಿತ್ತು, ಹೊತ್ತಿನೊಳಗೇ.

ವಾದ್ಯ ನಿಂತ ಸ್ವಲ್ಪ ಹೊತ್ತಿಗೆ ಗಾಲಿಕುರ್ಚಿ ಒಳಗೆ ಬಂತು. ಅಪ್ಪ ಹೊಸ ಪಂಚೆ ಉಟ್ಟಿದ್ದರು, ಗಡ್ಡ ಕೆರೆಸಿಕೊಂಡಿದ್ದರು. ಮಗಳ ಕೊರಳು ನೋಡಿದರು. ಆಮೇಲೆ ಚೊಂಬು ನೋಡಿದರು.

"ಇನ್ನೊಂದ್ಸಲ ಹುಯ್ದ್ರೆ ಆಗಲ್ವಾ ಜೋಯಿಸರೇ?"

ಜೋಯಿಸರು ಮಂಡಿಯೂರಿ ಕುರ್ಚಿಯ ಪಕ್ಕ ಕೂತರು. "ಕೊಟ್ಟಾಯ್ತಲ್ಲ ಯಜಮಾನರೇ. ಕೊಟ್ಟ ಹುಡುಗೀನ ಮತ್ತೆ ಕೊಡೋ ಹಾಗಿಲ್ಲ."

"ಹೌದಲ್ವಾ," ಅಂದರು ಅಪ್ಪ. ಮಗಳ ಅಂಗೈ ಇನ್ನೂ ಒದ್ದೆಯಿತ್ತು. ಅದನ್ನು ತಮ್ಮ ಪಂಚೆಯ ಅಂಚಿನಿಂದ ಒರೆಸಿದರು, ಒರೆಸುತ್ತಲೇ ಇದ್ದರು.

ಹೊರಗೆ ಚಿಕ್ಕಪ್ಪ ಜೋಯಿಸರ ತೋಳು ಹಿಡಿದು ಅಲ್ಲಾಡಿಸಿದ. "ಇದು ನಿಜವಾದ ಹೊತ್ತು ಅಂತ ಒಂದೇ ಒಂದು ಮಾತು ಹೇಳ್ಬಾರದಿತ್ತಾ?" ಒಳಗೆ ಹೋಮಕ್ಕೆ ಕಾಯುತ್ತಿದ್ದರು. ಜೋಯಿಸರು ಒಳಗೆ ಹೋದರು.

ಶುಕ್ರವಾರ ಮಗಳು ಗಂಡನ ಮನೆಗೆ ಹೋದಳು. ಹೊರಡುವ ಹೊತ್ತನ್ನು ಕೇಳಲು ಈ ಸಲ ಅಮ್ಮ ಬೇರೆ ಯಾರ ಬಳಿಯೋ ಹೋಗಿದ್ದರು. ಭಾನುವಾರ ಬೆಳಗ್ಗೆ ಅಪ್ಪ ತೀರಿಹೋದರು.