ಹುಟ್ಟುಹಬ್ಬದ ಗೋಗ್ರಾಸ

ರಮೋನಾದಲ್ಲಿರುವ ಓಂಕಾರಪ್ಪನವರ ಪುಟ್ಟ ತೋಟದಲ್ಲಿ ಒಂದು ದಿನ ಕಳೆಯಲು ತಲೆಗೆ ನಲವತ್ತು ಡಾಲರ್. ರೊಟ್ಟಿಯೂಟ, ಹಾಲು ಕರೆಯುವುದು, ದನಕ್ಕೆ ತಿನ್ನಿಸಲು ಒಂದು ಬುಟ್ಟಿ ಹುಲ್ಲು, ಎಲ್ಲ ಅದರಲ್ಲೇ. ಗೇಟಿನಲ್ಲೇ ಅವರು ಹೇಳಿದ್ದರು: "ಹುಲ್ಲು ಬಿಟ್ಟು ಬ್ಯಾರೆ ಏನೂ ತಿನ್ನಸಬ್ಯಾಡ್ರಿ. ದನ ಮುಟ್ಟಿದ ಮ್ಯಾಲೆ ಸೋಪ್ ಹಚ್ಚಿ ಕೈ ತೊಳಕೊಳ್ರಿ."

ಪೋರ್ಟರ್ ರ್ಯಾಂಚ್ ಬಡಾವಣೆಯಿಂದ ಬಂದಿದ್ದ ದೀಪ್ತಿ ಕೈಯನ್ನೇನೋ ತೊಳೆದಳು. ಆದರೆ ಮಗಳು ಆಶ್ರಿತಾಳ ಹುಟ್ಟುಹಬ್ಬದ ದಿನ ಗೋಗ್ರಾಸ ಕೊಡದೆ ಹೋಗುವುದುಂಟೇ? ಯಾರೂ ಇಲ್ಲದಾಗ, ಡಬ್ಬಿ ತುಂಬ ತಂದಿದ್ದ ನೆನೆಸಿದ ಅಕ್ಕಿ-ಬೆಲ್ಲವನ್ನು ಮಗಳ ಕೈಯಿಂದಲೇ ಹಸುವಿಗೆ ತಿನ್ನಿಸಿ ನಮಸ್ಕಾರ ಮಾಡಿಸಿದಳು.

ಊಟ ಮುಗಿಸಿ ಎಲ್ಲರೂ ಹಾಲು ಕರೆಯಲು ಹೋದರೆ ಹಸು ನರಳುತ್ತ ಮಲಗಿತ್ತು. ಎಡಹೊಟ್ಟೆ ಉಬ್ಬಿತ್ತು. ದನದ ಡಾಕ್ಟರಿಗೆ ಫೋನ್ ಮಾಡುತ್ತಲೇ ಓಂಕಾರಪ್ಪ ಕೇಳಿದರು: "ಯಾರರ ಏನರ ತಿನ್ನಿಸೀರೇನ್ರಿ? ಬೈಯಂಗಿಲ್ಲ. ಡಾಕ್ಟರಿಗೆ ಹೇಳಬೇಕಾಗೇತಿ."

ಸುತ್ತ ನಿಂತಿದ್ದವರೆಲ್ಲ ಪರಿಚಯದವರೇ. ದೀಪ್ತಿ ಖಾಲಿ ಡಬ್ಬಿಯನ್ನು ಬ್ಯಾಗಿನೊಳಗೆ ತಳ್ಳಿದಳು. ಆಶ್ರಿತಾ ಅಮ್ಮನ ಮುಖ ನೋಡಿದಳು. ಮನೆಯಲ್ಲಿ ಎಷ್ಟು ಬೇಡಿಕೊಂಡರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಈಗ ಸ್ಪಷ್ಟ ಕನ್ನಡದಲ್ಲಿ ಹೇಳಿದಳು:

"ನಾವು ಏನೂ ಕೊಟ್ಟಿಲ್ಲ ಅಂಕಲ್."

ಆ ಗಾಬರಿಯಲ್ಲೂ ಓಂಕಾರಪ್ಪ ಅವಳ ತಲೆ ಸವರಿದರು. "ಮಗಳಿಗೆ ಭಾಳ ಛಲೋ ಕಲಿಸೀಯವ್ವಾ," ಎಂದರು ದೀಪ್ತಿಗೆ.